ಡಿಟರ್ಮಿನೆಂಟ್ 0.86 ಬರುತ್ತಿದೆ: ತಪ್ಪು ಡಬ್ಬಿಯದಾ, ನನ್ನ ರೀಡಿಂಗ್‌ದಾ?

ಕೌಲ್‌ಬಜಾರ್

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಎಲೆಕ್ಟ್ರಿಕಲ್ ಓದುತ್ತಿದ್ದೇನೆ, ಎರಡನೇ ವರ್ಷ. ಎರಡು ದಿನದಿಂದ ಒಂದು ಲೆಕ್ಕ ತಲೆ ತಿನ್ನುತ್ತಿದೆ.

ಲ್ಯಾಬ್‌ನಲ್ಲಿ ಒಂದು ಮರದ ಡಬ್ಬಿ ಕೊಟ್ಟರು. ಮುಚ್ಚಳಕ್ಕೆ ಸ್ಕ್ರೂ ಹಾಕಿದ್ದಾರೆ. ಎಡಕ್ಕೆ ಎರಡು ಟರ್ಮಿನಲ್, ಬಲಕ್ಕೆ ಎರಡು. ಒಳಗೆ ರೆಸಿಸ್ಟರ್ ಬಿಟ್ಟರೆ ಬೇರೇನೂ ಇಲ್ಲ ಅಂತ ಹೇಳಿದ್ದಾರೆ. ಟ್ರಾನ್ಸ್‌ಮಿಷನ್ ಪ್ಯಾರಾಮೀಟರ್ ತೆಗೆದು, 300 ಓಮ್ ಲೋಡ್ ಹಾಕಿದರೆ ಎಡಗಡೆಯಿಂದ ಎಷ್ಟು ಇಂಪೀಡೆನ್ಸ್ ಕಾಣುತ್ತದೆ ಅಂತ ಲೆಕ್ಕದಲ್ಲಿ ತೋರಿಸಬೇಕು. ಆಮೇಲೆ ನಿಜವಾಗಿ ಲೋಡ್ ಹಾಕಿ ಅಳೆದು ತಾಳೆ ನೋಡಬೇಕು.

ಸಪ್ಲೈ 10 ವೋಲ್ಟ್ ಡಿಸಿ ಇಟ್ಟೆ. ಬಲಗಡೆ ಓಪನ್ ಬಿಟ್ಟಾಗ I1 33.3 ಮಿಲಿ ಆಂಪ್, V2 6.67 ವೋಲ್ಟ್. ಬಲಗಡೆ ಶಾರ್ಟ್ ಮಾಡಿದಾಗ I1 49.5, I2 28.3 ಮಿಲಿ ಆಂಪ್. V1 = A·V2 + B·I2, I1 = C·V2 + D·I2 ಅನ್ನುವ ಎರಡು ಸಮೀಕರಣ ಇಟ್ಟುಕೊಂಡೆ. ಲೆಕ್ಕ ಹೀಗೆ ಬಂತು:

```
A = 10 / 6.67     = 1.50
C = 0.0333 / 6.67 = 0.0050 S
B = 10 / 0.0283   = 353 Ω
D = 49.5 / 28.3   = 1.75
AD − BC = 2.625 − 1.765 = 0.86
Zin = (A·300 + B) / (C·300 + D) = 803 / 3.25 = 247 Ω
```

300 ಓಮ್ ಲೋಡ್ ಹಾಕಿ ಅಳೆದಾಗ I1 41.9 ಮಿಲಿ ಆಂಪ್ ಬಂತು. ಅಂದರೆ ಸುಮಾರು 239 ಓಮ್. ಲೆಕ್ಕಕ್ಕೂ ಅಳತೆಗೂ 8 ಓಮ್ ವ್ಯತ್ಯಾಸ. ಅದಕ್ಕಿಂತ ಜಾಸ್ತಿ ಕಾಡುತ್ತಿರುವುದು 0.86. ಬರೀ ರೆಸಿಸ್ಟರ್ ಇದ್ದರೆ 1 ಬರಬೇಕು ಅಲ್ವಾ? ಮೂರು ಸಲ ಮಾಡಿದೆ, ಮೂರು ಸಲವೂ ಇದೇ ಬಂತು. ರೆಕಾರ್ಡ್‌ನಲ್ಲಿ ಸುಮ್ನೆ 1 ಅಂತ ಬರೆಯಲು ಮನಸ್ಸಿಲ್ಲ.

ಸಿರಗುಪ್ಪ

ತಮ್ಮಾ, ಮೂರು ಸಲವೂ ಒಂದೇ ರೀಡಿಂಗ್ ಬಂದಿದೆ ಅಂದರೆ ರೀಡಿಂಗ್ ಸರಿ ಇದೆ. ರೂಲ್ ಇರೋದು ಒಂದೇ. AD − BC ಒಂದು ಬಂದರೆ ರೆಸಿಪ್ರೋಕಲ್, ಬರದಿದ್ದರೆ ಅಲ್ಲ. ನಿನ್ನದು ಅಲ್ಲ. ಒಳಗೆ ಡಯೋಡೋ ಟ್ರಾನ್ಸಿಸ್ಟರೋ ಇಟ್ಟಿರುತ್ತಾರೆ, ಮಕ್ಕಳು ಕಂಡುಹಿಡಿಯಲಿ ಅಂತ.

ಇನ್ನೊಂದು ಗುರುತು ನೋಡು. ರೆಸಿಪ್ರೋಕಲ್ ಅಂದರೆ ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಒಂದೇ ಥರ ಕಾಣಬೇಕು. ನಿನ್ನ A 1.50, D 1.75. ಅಲ್ಲೇ ಗೊತ್ತಾಗುತ್ತದೆ.

ಮುನಿರಾಬಾದ್ ಮೇಡಂ

ಸಿರಗುಪ್ಪದವರೇ, ಎರಡನೇ ಮಾತು ಒಪ್ಪಲು ಆಗುವುದಿಲ್ಲ. A ಮತ್ತು D ಸಮ ಇರಬೇಕು ಅನ್ನುವುದು ಸಿಮೆಟ್ರಿಯ ಮಾತು. ರೆಸಿಪ್ರೋಸಿಟಿ ಬೇರೆ. ಒಂದು ಕಡೆ 100 ಓಮ್, ಇನ್ನೊಂದು ಕಡೆ 150 ಓಮ್ ಇಟ್ಟು ಟಿ ಕಟ್ಟಿದರೆ ಎರಡು ಕಡೆಯಿಂದಲೂ ಬೇರೆ ಬೇರೆಯೇ ಕಾಣುತ್ತದೆ. ಆದರೂ ಅದು ರೆಸಿಪ್ರೋಕಲ್. ಎಡಕ್ಕೆ 10 ವೋಲ್ಟ್ ಕೊಟ್ಟು ಬಲಗಡೆ ಶಾರ್ಟ್‌ನಲ್ಲಿ ಹರಿಯುವ ಕರೆಂಟ್ ನೋಡಿ. ಆಮೇಲೆ ಬಲಕ್ಕೆ 10 ವೋಲ್ಟ್ ಕೊಟ್ಟು ಎಡಗಡೆ ಶಾರ್ಟ್‌ನಲ್ಲಿ ಹರಿಯುವ ಕರೆಂಟ್ ನೋಡಿ. ಈ ಎರಡು ಕರೆಂಟ್ ಸಮ ಇದ್ದರೆ ಸಾಕು. ಸಪ್ಲೈಯಿಂದ ಹೊರಡುವ ಕರೆಂಟ್ ಎರಡೂ ಸಲ ಬೇರೆ ಇರಬಹುದು. ಅದರ ಚಿಂತೆ ಬೇಡ.

ಕೌಲ್‌ಬಜಾರ್, ನಿನ್ನ ನಾಲ್ಕೂ ರೀಡಿಂಗ್ ಎಡಗಡೆಯಿಂದ ಸಪ್ಲೈ ಕೊಟ್ಟು ತೆಗೆದವು. ನಾಳೆ ಲ್ಯಾಬ್ ಸಿಕ್ಕರೆ ತಿರುಗಿಸಿ ಒಂದೇ ಒಂದು ರೀಡಿಂಗ್ ತೆಗೆದುಕೊ. ಬಲಕ್ಕೆ 10 ವೋಲ್ಟ್, ಎಡಗಡೆ ಶಾರ್ಟ್, ಎಡಗಡೆಯ ಕರೆಂಟ್ ಎಷ್ಟು? ಅಷ್ಟು ಹೇಳು, ಮುಂದೆ ನೋಡೋಣ.

ಮೈಕ್ ಸೆಟ್ ಕೊಪ್ಪಳ

ಇಂಪೀಡೆನ್ಸ್ ಮಾತು ಬಂದಿದೆ ಅಂತ ಕೇಳುತ್ತೇನೆ. ಗವಿಮಠದ ಜಾತ್ರೆಗೆ ಹಾರ್ನ್ ಕಟ್ಟುತ್ತೇವೆ. 100 ವೋಲ್ಟ್ ಲೈನ್, ಹಾರ್ನ್‌ಗೊಂದು ಸಣ್ಣ ಟ್ರಾನ್ಸ್‌ಫಾರ್ಮರ್. 10 ವ್ಯಾಟ್ ಟ್ಯಾಪ್‌ಗೆ 1000 ಓಮ್ ಅಂತ ಬರೆದಿರುತ್ತದೆ. ಮಲ್ಟಿಮೀಟರ್ ಇಟ್ಟರೆ 70 ಓಮ್ ತೋರಿಸುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟಿದೆಯಾ, ಅಥವಾ ಈ ಹುಡುಗನ ಥರ ಡಿಟರ್ಮಿನೆಂಟ್ ಪ್ರಾಬ್ಲಮ್ಮಾ?

ದೇವದುರ್ಗ

ಅಣ್ಣಾ, ನಿಮ್ಮದು ಬೇರೆ ವಿಷಯ, ಟ್ರಾನ್ಸ್‌ಫಾರ್ಮರ್ ಚೆನ್ನಾಗೇ ಇರಬಹುದು. ಮಲ್ಟಿಮೀಟರ್ ಓಮ್ ಅಳೆಯುವಾಗ ಕೊಡುವುದು ಡಿಸಿ. ಡಿಸಿಗೆ ಆ ಕಡೆಯ ಸ್ಪೀಕರ್ ಕಾಣುವುದೇ ಇಲ್ಲ, ಪ್ರೈಮರಿ ತಂತಿಯ ರೆಸಿಸ್ಟೆನ್ಸ್ ಮಾತ್ರ ಕಾಣುತ್ತದೆ. ಹಾಡು ಹೋಗುವಾಗ 8 ಓಮ್ ಸ್ಪೀಕರ್, ಟ್ರಾನ್ಸ್‌ಫಾರ್ಮರ್‌ನ ಸುತ್ತುಗಳ ಅನುಪಾತದ ವರ್ಗದಷ್ಟು ದೊಡ್ಡದಾಗಿ ಕಾಣುತ್ತದೆ. 8 ಓಮ್ 1000 ಆಗಬೇಕಾದರೆ 125 ಪಟ್ಟು, ಅಂದರೆ ಅನುಪಾತ ಸುಮಾರು 11. ನಿಮ್ಮ ಪೆಟ್ಟಿಗೆಯನ್ನೂ ಟು-ಪೋರ್ಟ್ ಅಂತ ನೋಡಬಹುದು. ಆದರೆ A, B, C, D ಒಂದೊಂದು ಫ್ರೀಕ್ವೆನ್ಸಿಗೆ ಒಂದೊಂದು ಇರುತ್ತವೆ. ಡಿಸಿಯಲ್ಲಿ ಅಳೆದದ್ದನ್ನು ಹಾಡಿಗೆ ಹಚ್ಚಬೇಡಿ.

ಮೈಕ್ ಸೆಟ್ ಕೊಪ್ಪಳ

ತಿಳಿಯಿತು. ಹಾಗಾದರೆ ಚೆನ್ನಾಗಿರುವ ಇನ್ನೊಂದರ ಜೊತೆ ಹೋಲಿಸಿ ನೋಡುತ್ತೇನೆ. ಅದೂ 70 ತೋರಿಸಿದರೆ ಇದು ಸುಟ್ಟಿಲ್ಲ ಅಂತ ಇಟ್ಟುಕೊಳ್ಳುತ್ತೇನೆ.

ಕೌಲ್‌ಬಜಾರ್

ಮೇಡಂ, ತಿರುಗಿಸಿ ನೋಡಿದೆ. ಬಲಕ್ಕೆ 10 ವೋಲ್ಟ್, ಎಡಗಡೆ ಶಾರ್ಟ್. ಎಡಗಡೆ 30.8 ಮಿಲಿ ಆಂಪ್ ಬಂತು. ಮುಂಚೆ ಎಡದಿಂದ ಕೊಟ್ಟಾಗ ಬಲಗಡೆ 28.3 ಇತ್ತು. ಇವತ್ತು ಅದನ್ನೂ ಮತ್ತೆ ನೋಡಿದೆ, 28.3 ಅಷ್ಟೇ. ಎರಡೂ ಸಮ ಇಲ್ಲ. ಹಾಗಾದರೆ ಡಬ್ಬಿ ನಿಜವಾಗಿಯೂ ರೆಸಿಪ್ರೋಕಲ್ ಅಲ್ಲ ಅಂತ ಆಯಿತಲ್ಲ?

ಸಿರಗುಪ್ಪ

ನಾನು ಹೇಳಿದ್ದೂ ಇದನ್ನೇ.

ಮುನಿರಾಬಾದ್ ಮೇಡಂ

ಸ್ವಲ್ಪ ತಡೆಯಿರಿ. ಈ 30.8 ನೋಡಿದ ಮೇಲೆ ನನಗೆ ಡಬ್ಬಿಯ ಮೇಲೆ ಅನುಮಾನ ಹೋಯಿತು, ಸಪ್ಲೈ ಮೇಲೆ ಬಂತು. ಯಾಕೆ ಅಂತ ಹೇಳುತ್ತೇನೆ.

ಎಡದಿಂದ V ಕೊಟ್ಟಾಗ ಬಲಗಡೆ ಶಾರ್ಟ್ ಕರೆಂಟ್ V / B. ಅದೇ V ಬಲದಿಂದ ಕೊಟ್ಟರೆ ಎಡಗಡೆ ಎಷ್ಟು ಬರಬೇಕು? ಎರಡು ಸಮೀಕರಣಗಳಲ್ಲಿ V1 ಸೊನ್ನೆ ಅಂತ ಇಡಿ. ಮೊದಲನೆಯದರಿಂದ ಬಲಗಡೆಯ ಕರೆಂಟ್ ಸಿಗುತ್ತದೆ. ಅದನ್ನು ಎರಡನೆಯದರಲ್ಲಿ ಹಾಕಿ.

```
0  = A·V2 + B·I2   →  I2 = −A·V2 / B
I1 = C·V2 + D·I2   =  −V2·(AD − BC) / B
```

ಮೈನಸ್ ಅಂದರೆ ಕರೆಂಟ್ ಎಡಗಡೆಯಿಂದ ಹೊರಗೆ ಬರುತ್ತಿದೆ ಅಂತ, ಅಷ್ಟೇ. ಅಳತೆಯ ಮಟ್ಟಿಗೆ, ತಿರುಗಿಸಿದ ಕರೆಂಟನ್ನು ನೇರ ಕರೆಂಟ್‌ನಿಂದ ಭಾಗಿಸಿದರೆ ಡಿಟರ್ಮಿನೆಂಟೇ ಸಿಗಬೇಕು. ಡಬ್ಬಿ ರೆಸಿಪ್ರೋಕಲ್ ಆಗಿರಲಿ ಬಿಡಲಿ, ಒಳಗಿರುವುದು ಲೀನಿಯರ್ ಆಗಿದ್ದರೆ ಈ ಮಾತು ತಪ್ಪುವುದಿಲ್ಲ.

ಈಗ ನಿನ್ನ ಅಂಕಿ ನೋಡು. ನಾಲ್ಕು ಪ್ಯಾರಾಮೀಟರ್‌ನಿಂದ ಬಂದ ಡಿಟರ್ಮಿನೆಂಟ್ 0.86. ಡಬ್ಬಿ ನಿಜವಾಗಿಯೂ 0.86 ಆಗಿದ್ದರೆ ತಿರುಗಿಸಿದಾಗ 28.3ರ 0.86 ಪಾಲು, ಅಂದರೆ ಸುಮಾರು 24.3 ಬರಬೇಕಿತ್ತು. ನಿನಗೆ ಬಂದದ್ದು 30.8. ಭಾಗಿಸಿದರೆ 1.09. ಒಂದು ಲೆಕ್ಕ ಒಂದಕ್ಕಿಂತ ಕಡಿಮೆ ಅನ್ನುತ್ತದೆ, ಇನ್ನೊಂದು ಜಾಸ್ತಿ ಅನ್ನುತ್ತದೆ. ಒಂದೇ ಡಬ್ಬಿ ಎರಡು ಮಾತು ಆಡುವುದಿಲ್ಲ. ಯಾವುದೋ ಒಂದು ರೀಡಿಂಗ್‌ನಲ್ಲಿ ನೀನು ಅಂದುಕೊಂಡ 10 ವೋಲ್ಟ್ ಇರಲಿಲ್ಲ.

ಇನ್ನೊಂದು ಸುಳಿವಿದೆ. ಡಬ್ಬಿ ಟಿ ಅಂತ ಇಟ್ಟುಕೊಂಡರೆ, ನಡುವಿನ ರೆಸಿಸ್ಟರ್ 1 / C, ಅಂದರೆ 200. ಎಡಗಡೆಯದು (A − 1) / C, ಅಂದರೆ 100. ಬಲಗಡೆಯದು (D − 1) / C, ಅಂದರೆ 150. ಮೂರೂ ಅಂಗಡಿಯಲ್ಲಿ ಸಿಗುವ ಬೆಲೆಗಳೇ. ಈ ಮೂರರಿಂದ B ತೆಗೆದರೆ 100 + 150 + 100 × 150 / 200, ಒಟ್ಟು 325. ನಿನ್ನ B 353. A, C, D ಮೂರೂ ಚೊಕ್ಕವಾಗಿ ಬಂದಿವೆ, B ಒಂದೇ ಎಡವಿದೆ. ನಾಲ್ಕರಲ್ಲಿ ಶಾರ್ಟ್ ಮಾಡಿದ ವೇಳೆಯ V1 ಬೇಕಾಗುವುದು B ಒಂದಕ್ಕೇ. D ಎರಡು ಕರೆಂಟ್‌ಗಳ ಅನುಪಾತ, ವೋಲ್ಟೇಜ್ ಕುಸಿದರೂ ಅದು ಕೆಡುವುದಿಲ್ಲ.

ಶಾರ್ಟ್ ಮಾಡಿದಾಗ V1 ಅನ್ನು ಮೀಟರ್ ಇಟ್ಟು ಓದಿದೆಯಾ, ಅಥವಾ ಮೊದಲು ಇಟ್ಟ 10 ಅನ್ನೇ ಬರೆದುಕೊಂಡೆಯಾ?

ಕೌಲ್‌ಬಜಾರ್

ಮೇಡಂ, ಮೊದಲು ಇಟ್ಟ 10 ಅನ್ನೇ ಬರೆದುಕೊಂಡಿದ್ದೆ. ಇವತ್ತು ಮಧ್ಯಾಹ್ನ ಮತ್ತೆ ಲ್ಯಾಬ್‌ಗೆ ಹೋಗಿ ನೋಡಿದೆ.

ಬಲಗಡೆ ಶಾರ್ಟ್ ಮಾಡಿದ ಕೂಡಲೇ ಸಪ್ಲೈ ಮುಂಭಾಗದಲ್ಲಿ `CC` ಅಂತ ಬರೆದಿರುವಲ್ಲಿ ಸಣ್ಣ ಕೆಂಪು ದೀಪ ಹತ್ತುತ್ತದೆ. ಕಿಟಕಿಯ ಬಿಸಿಲು ನೇರ ಆ ಪ್ಯಾನೆಲ್ ಮೇಲೆ ಬೀಳುತ್ತದೆ, ಕೈ ಅಡ್ಡ ಹಿಡಿದಾಗಲೇ ದೀಪ ಕಂಡಿದ್ದು. ಡಬ್ಬಿಯ ಎಡ ಟರ್ಮಿನಲ್‌ಗೆ ಮೀಟರ್ ಇಟ್ಟೆ. 9.2 ವೋಲ್ಟ್! ಯಾರೋ ಕರೆಂಟ್ ಲಿಮಿಟ್ ನಾಬ್ ತಿರುಗಿಸಿ ಕೆಳಗೆ ಇಳಿಸಿಬಿಟ್ಟಿದ್ದಾರೆ. 49.5ರ ಮೇಲೆ ಸಪ್ಲೈ ಕೊಡುವುದೇ ಇಲ್ಲ. ಅದಕ್ಕೇ ಮೂರು ಸಲವೂ ಒಂದೇ ರೀಡಿಂಗ್ ಬಂದಿದೆ.

9.2 ಹಾಕಿ ಲೆಕ್ಕ ಮಾಡಿದರೆ B 325. ತಿರುಗಿಸಿ ಕೊಟ್ಟಾಗ ಸಪ್ಲೈಯಿಂದ 46 ಮಿಲಿ ಆಂಪ್ ಮಾತ್ರ ಹೋಗುತ್ತಿತ್ತು, ಲಿಮಿಟ್ ಮುಟ್ಟುತ್ತಿರಲಿಲ್ಲ. ಹಾಗಾಗಿ ಆ 30.8 ಸರಿಯಾದ ರೀಡಿಂಗೇ.

ಆಮೇಲೆ ಎಲ್ಲವನ್ನೂ 5 ವೋಲ್ಟ್‌ನಲ್ಲಿ ಮತ್ತೆ ಮಾಡಿದೆ, ಪ್ರತಿ ಸಲ V1 ಓದಿಕೊಂಡು. ಶಾರ್ಟ್‌ನಲ್ಲಿ I1 26.9, I2 15.4. ತಿರುಗಿಸಿದಾಗಲೂ 15.4. B 324.7, D 1.747, ಡಿಟರ್ಮಿನೆಂಟ್ 0.997. 300 ಓಮ್ ಲೋಡ್‌ಗೆ Zin 238.6 ಬರುತ್ತದೆ. ಅಳೆದದ್ದು 239. ತುಂಬಾ ಖುಷಿಯಾಯಿತು.

ಒಂದು ಅನುಮಾನ ಉಳಿದಿದೆ. ಈಗ Zin ಅಳತೆಗೆ ಕೂಡಿಬಂತು, ಡಿಟರ್ಮಿನೆಂಟ್ ಕೂಡ 1 ಬಂತು. ಮುಂದಿನ ಸಲ Zin ಒಂದನ್ನೇ ತಾಳೆ ನೋಡಿದರೆ ಸಾಕಾ? ಅದು ಸರಿ ಬಂದರೆ ರೆಸಿಪ್ರೋಕಲ್ ಅಂತ ಹೇಳಬಹುದಾ?

ಮುನಿರಾಬಾದ್ ಮೇಡಂ

ಹೇಳಲು ಬರುವುದಿಲ್ಲ. Zin ಸೂತ್ರ ನೋಡು, ಮೇಲೆ A ಮತ್ತು B, ಕೆಳಗೆ C ಮತ್ತು D. ನಾಲ್ಕನ್ನೂ ಎರಡರಿಂದ ಗುಣಿಸು. Zin ಒಂದಿಷ್ಟೂ ಬದಲಾಗುವುದಿಲ್ಲ, ಯಾವ ಲೋಡ್ ಹಾಕಿದರೂ ಅಷ್ಟೇ. ಡಿಟರ್ಮಿನೆಂಟ್ ಮಾತ್ರ 4 ಆಗುತ್ತದೆ. ಅಂದರೆ ಎಡಗಡೆ ಕೂತು ಬಲಕ್ಕೆ ಬೇರೆ ಬೇರೆ ಲೋಡ್ ಹಾಕುತ್ತಾ ಎಷ್ಟು ಇಂಪೀಡೆನ್ಸ್ ಅಳೆದರೂ ರೆಸಿಪ್ರೋಸಿಟಿ ಬಗ್ಗೆ ಏನೂ ತಿಳಿಯುವುದಿಲ್ಲ. ಒಂದು ಕಡೆ ಕೊಟ್ಟದ್ದು ಇನ್ನೊಂದು ಕಡೆ ಎಷ್ಟು ತಲುಪಿತು ಅನ್ನುವ ಒಂದು ರೀಡಿಂಗ್ ಬೇಕೇ ಬೇಕು.

ಅದೇ ರೀತಿ ಇನ್ನೊಂದು ಅಡ್ಡದಾರಿಯೂ ಇದೆ. ಬಹಳ ಮಕ್ಕಳು A, C, D ಅಳೆದು B ಅನ್ನು (AD − 1) / C ಅಂತ ತೆಗೆಯುತ್ತಾರೆ. ಒಳಗೆ ರೆಸಿಸ್ಟರ್ ಮಾತ್ರ ಇದೆ ಅಂತ ಖಚಿತ ಇದ್ದರೆ ಅದು ತಪ್ಪಲ್ಲ. ಆದರೆ ಹಾಗೆ ತೆಗೆದ ಮೇಲೆ ಅದೇ ರೆಕಾರ್ಡ್‌ನಲ್ಲಿ AD − BC = 1 ಬಂತು, ರೆಸಿಪ್ರೋಸಿಟಿ ಸಾಬೀತಾಯಿತು ಅಂತ ಬರೆಯಬಾರದು. ನಾವೇ ಹಾಕಿದ 1 ವಾಪಸ್ ಬಂದಿದೆ, ಅಷ್ಟೇ.

ದೇವದುರ್ಗ

ಮೇಡಂ, ನಾನು ಲ್ಯಾಬ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಒಂದು ವಿಷಯ ಸೇರಿಸುತ್ತೇನೆ. ಶಾರ್ಟ್ ಅಂತ ಹಾಕುವುದು ಮಿಲಿ ಆಮೀಟರ್. ಅದು ಪೂರ್ತಿ ಶಾರ್ಟ್ ಅಲ್ಲ, ಒಳಗೆ ಸ್ವಲ್ಪ ರೆಸಿಸ್ಟೆನ್ಸ್ ಇರುತ್ತದೆ. ಫ್ಯೂಸ್, ಲೀಡ್ ಎಲ್ಲ ಸೇರಿ 10 ಓಮ್ ಅಂತ ಇಟ್ಟುಕೊಳ್ಳಿ. ಡಿಟರ್ಮಿನೆಂಟ್ ನೋಡಿದರೆ ಆ ತಪ್ಪು ಗೊತ್ತಾಗಬೇಕಿತ್ತು ಅಂತ ನಾನು ಅಂದುಕೊಂಡಿದ್ದೆ. ಈ ಹುಡುಗನ ಅಂಕಿಗಳನ್ನೇ ಇಟ್ಟು ಲೆಕ್ಕ ಮಾಡಿದೆ. B 325ರ ಬದಲು 340 ಆಗುತ್ತದೆ. D 1.75ರ ಬದಲು 1.80.

```
AD − BC = 1.5 × 1.80 − 340 × 0.005 = 2.70 − 1.70 = 1.00
Zin = (450 + 340) / (1.5 + 1.80) = 790 / 3.30 = 239.4 Ω
```

ಡಿಟರ್ಮಿನೆಂಟ್ ಸರಿಯಾಗಿ ಒಂದೇ ಬಂತು! B, D ಎರಡೂ ತಪ್ಪು, Zin ಕೂಡ 238.5ರ ಬದಲು 239.4. ಆದರೂ ಒಂದು. ನನ್ನ ಲೆಕ್ಕದಲ್ಲಿ ತಪ್ಪಿದೆಯಾ?

ಮುನಿರಾಬಾದ್ ಮೇಡಂ

ಲೆಕ್ಕ ಸರಿ ಇದೆ, ಒಳ್ಳೆಯ ವಿಷಯ ಎತ್ತಿದಿರಿ. ನೀವು ಅಳೆದದ್ದು ಡಬ್ಬಿ ಒಂದನ್ನೇ ಅಲ್ಲ, ಡಬ್ಬಿಯ ಬಲಕ್ಕೆ 10 ಓಮ್ ಸರಣಿಯಲ್ಲಿ ಅಂಟಿಸಿದ ಹೊಸ ಡಬ್ಬಿಯನ್ನು. ಆ ಹೊಸ ಡಬ್ಬಿಯೂ ರೆಸಿಪ್ರೋಕಲ್. ಅದಕ್ಕೇ ಡಿಟರ್ಮಿನೆಂಟ್ ಅಲುಗಾಡಲಿಲ್ಲ. ನಿಮ್ಮ 239.4 ಎಲ್ಲಿಂದ ಬಂತು ನೋಡಿ. ಅದು ಹಳೇ ಡಬ್ಬಿಗೆ 310 ಓಮ್ ಲೋಡ್ ಹಾಕಿದರೆ ಬರುವ ಬೆಲೆಯೇ.

ಓಪನ್ ಟೆಸ್ಟ್‌ನಲ್ಲಿ ವೋಲ್ಟ್ ಮೀಟರ್ ಸ್ವಲ್ಪ ಕರೆಂಟ್ ಎಳೆದರೂ ಇದೇ ಕಥೆ. A, C ಕೆಡುತ್ತವೆ, ಡಿಟರ್ಮಿನೆಂಟ್ ಕೆಡುವುದಿಲ್ಲ. ಎರಡೂ ತಪ್ಪು ಒಟ್ಟಿಗೆ ಇದ್ದರೆ ನಿಜವಾದ ಡಿಟರ್ಮಿನೆಂಟ್‌ಗೆ (1 − r/Rv) ಗುಣಿಸಿದಷ್ಟು ಬರುತ್ತದೆ. ಇಲ್ಲಿ r ಆಮೀಟರ್‌ದು, Rv ವೋಲ್ಟ್ ಮೀಟರ್‌ದು. 10 ಓಮ್ ಮತ್ತು 20,000 ಓಮ್ ಹಾಕಿದರೆ 0.9995. ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ ಕೌಲ್‌ಬಜಾರ್, 0.997 ಬಂದಿದ್ದಕ್ಕೆ ನಾಲ್ಕೂ ಬೆಲೆ ಪಕ್ಕಾ ಅಂತ ತಿಳಿಯಬೇಡ. ಮೀಟರ್ ಡಬ್ಬಿಯ ಮೇಲೆ ಹೇರುವ ಭಾರ ಈ ಪರೀಕ್ಷೆಗೆ ಕಾಣುವುದಿಲ್ಲ. ಕಾಣುವುದು ಒಂದು ಟೆಸ್ಟ್‌ಗೂ ಇನ್ನೊಂದು ಟೆಸ್ಟ್‌ಗೂ ನಡುವೆ ಏನೋ ಬದಲಾದದ್ದು ಅಥವಾ ಯಾವುದೋ ಮೀಟರಿನ ಅಳತೆಯೇ ಹೆಚ್ಚು ಕಡಿಮೆ ಇರುವುದು. ಆಮೀಟರ್‌ನ ರೆಸಿಸ್ಟೆನ್ಸ್ ಇನ್ನೊಂದು ಮೀಟರ್‌ನಲ್ಲಿ ಅಳೆದುಕೊಂಡು B ಯಿಂದ A·r, D ಯಿಂದ C·r ಕಳೆದುಬಿಡು.

ಸಿರಗುಪ್ಪ

ಮೇಡಂ, ಹಾಗಾದರೆ 0.95 ಬಂದರೆ ಏನು ತಿಳಿಯಬೇಕು? ಎಷ್ಟರ ತನಕ ಒಂದು ಅಂತ ಒಪ್ಪಬೇಕು?

ಮುನಿರಾಬಾದ್ ಮೇಡಂ

ಎಲ್ಲ ಡಬ್ಬಿಗೂ ಒಂದೇ ಗೆರೆ ಎಳೆಯಲು ಆಗುವುದಿಲ್ಲ. ಈ ಡಬ್ಬಿಯಲ್ಲಿ AD 2.625, BC 1.625. ಒಂದೊಂದರಲ್ಲೂ ನೂರಕ್ಕೆ ಎರಡು ತಪ್ಪಿದ್ದು, ಆ ತಪ್ಪುಗಳು ಎದುರುಬದುರು ದಿಕ್ಕಿಗೆ ಬಿದ್ದರೆ ವ್ಯತ್ಯಾಸದಲ್ಲಿ 0.085 ತನಕ ಹೋಗುತ್ತದೆ. ಸಾಧಾರಣ ಮೀಟರ್‌ನಲ್ಲಿ 0.95 ಬಂದರೆ ಡಬ್ಬಿಯನ್ನು ದೂರಲು ಆಗುವುದಿಲ್ಲ. AD 20, BC 19 ಇರುವ ಡಬ್ಬಿಯಾದರೆ ಇನ್ನೂ ಕಷ್ಟ, ಆಗ ಅದೇ ನೂರಕ್ಕೆ ಎರಡಕ್ಕೆ ಉತ್ತರ 0.3 ಕೂಡ ಬರಬಹುದು. ನೇರ ಮತ್ತು ತಿರುಗಿಸಿದ ಶಾರ್ಟ್ ಕರೆಂಟ್ ಹೋಲಿಸುವುದು ಅದಕ್ಕೇ ವಾಸಿ. ಅಲ್ಲಿ ಕಳೆಯುವ ಕೆಲಸವೇ ಇಲ್ಲ, ಅದೇ ಮೀಟರ್‌ನ ಎರಡು ರೀಡಿಂಗ್ ಪಕ್ಕಪಕ್ಕ ಇಟ್ಟು ನೋಡುವುದು ಅಷ್ಟೇ.

ಶಕ್ತಿನಗರ

ನಾನು ರಾಯಚೂರು ಕಡೆಯವನು, ಲೈನ್ ಲೆಕ್ಕ ಕಲಿಯುತ್ತಿದ್ದೇನೆ. ಇಲ್ಲಿಂದ ಸೋಲಾಪುರಕ್ಕೆ ಹೋಗುವ 765 ಕೆವಿ ಲೈನ್ ಗೊತ್ತಲ್ಲ, 2013ರ ಡಿಸೆಂಬರ್ 31ಕ್ಕೆ ದಕ್ಷಿಣದ ಗ್ರಿಡ್ಡನ್ನು ದೇಶದ ಉಳಿದ ಗ್ರಿಡ್‌ಗೆ ಜೋಡಿಸಿದ್ದು. ಅಷ್ಟೇ ಉದ್ದದ ಒಂದು ಲೈನ್ ಅಂದುಕೊಂಡು, ಸುಮಾರು 200 ಕಿ.ಮೀ., ನಷ್ಟ ಇಲ್ಲ ಅಂತ ಇಟ್ಟು ಲೆಕ್ಕ ಮಾಡಿದೆ. ಫೇಸ್ ತಿರುವು 12 ಡಿಗ್ರಿ, ಸರ್ಜ್ ಇಂಪೀಡೆನ್ಸ್ 250 ಓಮ್ ಹಿಡಿದೆ. A ಮತ್ತು D 0.978, B 52 ಓಮ್, C 0.000832. ಡಿಟರ್ಮಿನೆಂಟ್ 0.91 ಬಂತು. ಲೈನ್ ಎರಡೂ ದಿಕ್ಕಿಗೂ ಒಂದೇ ಅಲ್ವಾ? ಇಲ್ಲಿ ನನ್ನ ಸಪ್ಲೈಯೂ ಇಲ್ಲ, ಮೀಟರೂ ಇಲ್ಲ. ಬರೀ ಕಾಗದದ ಲೆಕ್ಕ.

ದೇವದುರ್ಗ

B ಮತ್ತು C ಗೆ j ಎಲ್ಲಿ ಹೋಯಿತು ಸರ್? B ಅಂದರೆ j52, C ಅಂದರೆ j0.000832. ಎರಡು j ಗುಣಿಸಿದರೆ ಮೈನಸ್ ಒಂದು. ಕಳೆಯುವ ಬದಲು ಕೂಡಬೇಕಾಗುತ್ತದೆ.

```
AD = 0.957
BC = (j52)(j0.000832) = −0.043
AD − BC = 0.957 + 0.043 = 1.000
```

ಶಕ್ತಿನಗರ

ಓ, ಸರಿ ಸರ್. ಬರೀ ಸಂಖ್ಯೆ ತೆಗೆದುಕೊಂಡು j ಬಿಟ್ಟುಬಿಟ್ಟಿದ್ದೆ. ಅದೇ ಅಂಕಿಗಳಲ್ಲಿ Zin ಮಾಡಿ ನೋಡಿದೆ. ಆ ತುದಿಗೆ 250 ಓಮ್ ಲೋಡ್ ಹಾಕಿದರೆ ಈ ತುದಿಯಲ್ಲೂ 250 ಓಮ್ ಬರುತ್ತದೆ, j ಪೂರ್ತಿ ಹೋಗಿಬಿಡುತ್ತದೆ. ಆ ತುದಿ ಓಪನ್ ಬಿಟ್ಟರೆ A / C, ಅಂದರೆ −j1176 ಓಮ್.

ಮುನಿರಾಬಾದ್ ಮೇಡಂ

ಅದೇ. ಖಾಲಿ ಬಿಟ್ಟ ಲೈನ್ ಈ ತುದಿಯಿಂದ ಕೆಪಾಸಿಟರ್ ಥರ ಕಾಣುತ್ತದೆ. A ಒಂದಕ್ಕಿಂತ ಕಡಿಮೆ ಇರುವುದರಿಂದ ಆ ತುದಿಯ ವೋಲ್ಟೇಜ್ ಈ ತುದಿಗಿಂತ ನೂರಕ್ಕೆ ಎರಡು ಚಿಲ್ಲರೆ ಏರಿರುತ್ತದೆ. ಲೈನ್ ತುದಿಗಳಲ್ಲಿ ಶಂಟ್ ರಿಯಾಕ್ಟರ್ ಇಡುವುದು ಇದನ್ನು ತಡೆಯಲು. ರಿಯಾಕ್ಟರ್ ಸೇರಿಸಿದ ಮೇಲೂ ಡಿಟರ್ಮಿನೆಂಟ್ ಒಂದೇ ಇರುತ್ತದೆ, A ಬದಲಾಗುತ್ತದೆ.

ದೇವದುರ್ಗ

ಮೇಡಂ, ನನ್ನ ಒಂದು ಹಳೇ ಪ್ರಶ್ನೆ. ಕಬ್ಬಿಣದ ಕೋರ್ ಇರುವ ಟ್ರಾನ್ಸ್‌ಫಾರ್ಮರ್ ರೆಸಿಪ್ರೋಕಲ್ ಅಂತ ಎಲ್ಲರೂ ಹೇಳುತ್ತಾರೆ. ಓಪನ್ ಟೆಸ್ಟ್ ಪೂರ್ತಿ ವೋಲ್ಟೇಜ್‌ನಲ್ಲಿ ಮಾಡುತ್ತೇವೆ, ಶಾರ್ಟ್ ಟೆಸ್ಟ್ ಅದರ ಸಣ್ಣ ಪಾಲಿನಲ್ಲಿ. ಎರಡರಿಂದ ತೆಗೆದ ನಾಲ್ಕು ಪ್ಯಾರಾಮೀಟರ್ ಒಟ್ಟಿಗೆ ಇಟ್ಟರೆ ಡಿಟರ್ಮಿನೆಂಟ್ ಒಂದು ಬರುವುದಿಲ್ಲ, ನಾನೇ ನೋಡಿದ್ದೇನೆ. ವೋಲ್ಟೇಜ್ ಏರಿಸಿದಂತೆ ಮ್ಯಾಗ್ನೆಟೈಸಿಂಗ್ ಕರೆಂಟ್ ಸರಿಯಾದ ಪ್ರಮಾಣದಲ್ಲಿ ಏರುವುದಿಲ್ಲ, C ಬದಲಾಗುತ್ತಾ ಹೋಗುತ್ತದೆ. ಹಾಗಾದರೆ ಕೋರ್ ತುಂಬಿದ ಮೇಲೆ ಅದು ರೆಸಿಪ್ರೋಕಲ್ ಅಲ್ಲ ಅಂತ ಹೇಳಬಾರದೇಕೆ?

ಮುನಿರಾಬಾದ್ ಮೇಡಂ

ನಾನು ಹಾಗೆ ಹೇಳುವುದಿಲ್ಲ. ರೆಸಿಪ್ರೋಸಿಟಿ ಮಾತು ಬರುವುದು ಲೀನಿಯರ್ ಡಬ್ಬಿಗೆ. ಕೋರ್ ತುಂಬಿದ ಮೇಲೆ A, B, C, D ಅನ್ನುವ ನಾಲ್ಕು ಸ್ಥಿರ ಸಂಖ್ಯೆಗಳೇ ಇಲ್ಲ. ಇಲ್ಲದ ಸಂಖ್ಯೆಗಳಿಂದ ಡಿಟರ್ಮಿನೆಂಟ್ ತೆಗೆದು ಡಬ್ಬಿಯ ಗುಣ ಹೇಳುವುದು ಹೇಗೆ? ಒಂದೇ ವೋಲ್ಟೇಜ್ ಸುತ್ತ ಸಣ್ಣ ಏರಿಳಿತ ಕೊಟ್ಟು ಅಳೆದರೆ ಆ ಬಿಂದುವಿಗೆ ನಾಲ್ಕು ಬೆಲೆ ಸಿಗುತ್ತವೆ, ಅಲ್ಲಿ ಒಂದು ಬರಬೇಕು.

ದೇವದುರ್ಗ

ಬೆಂಚ್ ಮೇಲೆ ಕೂತವನಿಗೆ ಅದು ಸಾಲದು ಮೇಡಂ. ಅವನ ಕೈಗೆ ಸಿಗುವುದು ಪೂರ್ತಿ ವೋಲ್ಟೇಜಿನ ರೀಡಿಂಗ್. ಸಣ್ಣ ಏರಿಳಿತ ಕೊಟ್ಟರೆ ಕೋರ್‌ನ ಹಿಸ್ಟರಿಸಿಸ್‌ನಿಂದ ಬೇರೆಯೇ ಇಂಡಕ್ಟೆನ್ಸ್ ಕಾಣುತ್ತದೆ. ಅದು ಟ್ರಾನ್ಸ್‌ಫಾರ್ಮರ್ ನಿಜವಾಗಿ ಕೆಲಸ ಮಾಡುವ ಬಿಂದುವಿನದು ಅಂತ ನಾನು ಒಪ್ಪಲಾರೆ. ಈ ಭಾನುವಾರ ಒಂದು 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ಎರಡೂ ರೀತಿ ಅಳೆದು ಇಲ್ಲೇ ಹಾಕುತ್ತೇನೆ.

ಮುನಿರಾಬಾದ್ ಮೇಡಂ

ಹಾಕಿ, ನನಗೂ ನೋಡಬೇಕಿದೆ. ಮೇನ್ಸ್‌ಗೆ ಹಚ್ಚುವಾಗ ಫ್ಯೂಸ್ ಇರಲಿ.

ಸಿರಗುಪ್ಪ

ನಾನೂ ಬ್ರೆಡ್‌ಬೋರ್ಡ್ ಮೇಲೆ ಮೇಡಂ ಹೇಳಿದ 100, 150, 200 ಹಾಕಿ ಟಿ ಕಟ್ಟಿದೆ. 5 ವೋಲ್ಟ್, ಪ್ರತಿ ಸಲ V1 ಓದಿದೆ. ಈಗ ಡಿಟರ್ಮಿನೆಂಟ್ ಮೈನಸ್ ಒಂದು ಬರುತ್ತಿದೆ! ಸರಿಯಾಗಿ −1.02. ಗೈರೇಟರ್ ಅನ್ನುವ ಸರ್ಕ್ಯೂಟ್‌ಗೆ ಮೈನಸ್ ಒಂದು ಬರುತ್ತದೆ ಅಂತ ಓದಿದ್ದೆ. ಮೂರು ರೆಸಿಸ್ಟರ್ ಹೇಗೆ ಗೈರೇಟರ್ ಆಗುತ್ತದೆ?

ಮುನಿರಾಬಾದ್ ಮೇಡಂ

ಆಗುವುದಿಲ್ಲ. ಗೈರೇಟರ್‌ಗೆ −1 ಬರುವುದು ನಿಜ, ಟೆಲ್ಲೆಗೆನ್ 1948ರಲ್ಲಿ ಮುಂದಿಟ್ಟ ಸರ್ಕ್ಯೂಟ್ ಅದು. ಆದರೆ ಅಲ್ಲಿ A, D ಎರಡೂ ಸೊನ್ನೆ ಇರುತ್ತವೆ. ನಿಮ್ಮ A ಎಷ್ಟು ಬಂತು, 1.5 ತಾನೇ? B ಮತ್ತು D ಮೈನಸ್ ಬಂದಿವೆಯಾ ನೋಡಿ. Zin ಕೂಡ 300 ಓಮ್ ಲೋಡ್‌ಗೆ ಮಾಡಿ ಹೇಳಿ.

ಸಿರಗುಪ್ಪ

ಹೌದು ಮೇಡಂ, B ಮತ್ತು D ಎರಡೂ ಮೈನಸ್. Zin ಸುಮಾರು ಮೈನಸ್ 500 ಓಮ್ ಬರುತ್ತಿದೆ. ಬರೀ ರೆಸಿಸ್ಟರ್‌ನಿಂದ ಅದು ಸಾಧ್ಯವೇ ಇಲ್ಲ ಅಲ್ವಾ?

ಕೌಲ್‌ಬಜಾರ್

ಅಣ್ಣಾ, ಬಲಗಡೆಯ ಮಿಲಿ ಆಮೀಟರ್‌ನ ಕೆಂಪು ಲೀಡ್ ಎಲ್ಲಿದೆ ನೋಡಿ. ಈ ಸಮೀಕರಣದಲ್ಲಿ I2 ಡಬ್ಬಿಯಿಂದ ಹೊರಗೆ, ಲೋಡ್ ಕಡೆಗೆ ಹೋಗುವ ಕರೆಂಟ್. ಡಬ್ಬಿಯ ಮೇಲಿನ ಟರ್ಮಿನಲ್‌ಗೆ ಕೆಂಪು, ಕೆಳಗಿನದಕ್ಕೆ ಕಪ್ಪು ಇರಬೇಕು. ನೀವು ಅದಲು ಬದಲು ಹಾಕಿರಬಹುದು. ಮೀಟರ್ ಮೈನಸ್ ತೋರಿಸಿದ್ದನ್ನು ಹಾಗೇ ಲೆಕ್ಕಕ್ಕೆ ಹಾಕಿದರೆ B, D ಎರಡೂ ಮೈನಸ್ ಆಗುತ್ತವೆ.

ಸಿರಗುಪ್ಪ

ಕೆಂಪು ಕೆಳಗೇ ಇತ್ತು ತಮ್ಮಾ. ಲೀಡ್ ತಿರುಗಿಸಿದೆ. 1.02. ತಿರುಗಿಸಿ ಸಪ್ಲೈ ಕೊಟ್ಟಾಗಲೂ ನೇರ ಕೊಟ್ಟಾಗಲೂ ಶಾರ್ಟ್ ಕರೆಂಟ್ 15.2. A, D ಬೇರೆ ಬೇರೆಯೇ ಇವೆ, ಅದೂ ಸರಿ.